ಕೆಲಸ ಬಿಡುವಾಗ ಹಸ್ತಾಂತರದ ಇಮೇಲ್ ಬರೆಯುವುದು ಹೇಗೆ? ಪೀಣ್ಯದ ಒಂದು ಲೆಕ್ಕಪತ್ರ ಮೇಜಿನ ಉದಾಹರಣೆ

ಮಾರ್ಚ್ ಲೆಕ್ಕ ಮುಗಿದು ಒಂದೆರಡು ತಿಂಗಳಾಗುತ್ತಿದ್ದಂತೆ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. "ಬೇರೆ ಕಡೆ ಕೆಲಸ ಸಿಕ್ಕಿದೆ, ರಾಜೀನಾಮೆ ಕೊಟ್ಟಿದ್ದೇನೆ, ಹ್ಯಾಂಡೋವರ್ ಮೇಲ್ ಕಳಿಸಲು ಹೇಳಿದ್ದಾರೆ. ಏನು ಬರೆಯಬೇಕು?" ಕೆಲವರು ತಾವು ಬರೆದ ಕರಡನ್ನೂ ಕಳಿಸುತ್ತಾರೆ. ಹದಿನೈದು ಸಾಲುಗಳಿರುತ್ತವೆ, ಪ್ರತಿ ಸಾಲಿನ ಕೊನೆಗೆ "ಬಾಕಿ", "ನಡೆಯುತ್ತಿದೆ", "ಕೇಳಬೇಕು" ಎಂದಿರುತ್ತದೆ. ಅದನ್ನು ಓದಿ ಮುಗಿಸಿದವರಿಗೆ ಕೆಲಸಗಳ ಹೆಸರು ಗೊತ್ತಾಗುತ್ತದೆಯೇ ಹೊರತು ನಾಳೆ ಬೆಳಿಗ್ಗೆ ಯಾರಿಗೆ ಫೋನ್ ಮಾಡಬೇಕು ಎಂಬುದು ಗೊತ್ತಾಗುವುದಿಲ್ಲ.

ಎಲ್ಲ ಹುದ್ದೆಗಳಿಗೂ ಹೊಂದುವಂತೆ ಬರೆದರೆ ಯಾವ ಹುದ್ದೆಗೂ ಪ್ರಯೋಜನವಾಗದು. ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಮೇಜನ್ನು ತೆಗೆದುಕೊಳ್ಳುತ್ತೇನೆ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಲವತ್ತು ಜನ ಕೆಲಸ ಮಾಡುವ, ಪಾಲುದಾರಿಕೆಯಲ್ಲಿ ನಡೆಯುವ ಒಂದು ಯಂತ್ರಭಾಗಗಳ ಕಾರ್ಖಾನೆ ಎಂದುಕೊಳ್ಳಿ. ಅಲ್ಲಿ ಖರೀದಿ ಬಿಲ್ಲು, ಜಿಎಸ್‌ಟಿ, ಸಂಬಳ, ಭವಿಷ್ಯ ನಿಧಿ, ಬ್ಯಾಂಕ್ ಪಾವತಿ ಎಲ್ಲವೂ ಒಬ್ಬರೇ ಲೆಕ್ಕಿಗರ ಕೈಯಲ್ಲಿವೆ. ಅವರು ಜೂನ್ 28ಕ್ಕೆ ಕೆಲಸ ಬಿಡುತ್ತಿದ್ದಾರೆ. ನಿಮ್ಮ ಕೆಲಸ ಬೇರೆಯಿದ್ದರೆ ದಿನಾಂಕ ಮತ್ತು ಹೆಸರುಗಳನ್ನು ಬದಲಿಸಿಕೊಳ್ಳಿ, ಬರೆಯುವ ಕ್ರಮ ಇದೇ ಇರಲಿ.

1. ಮೊದಲು ಪಟ್ಟಿ, ಆಮೇಲೆ ಮೇಲ್

ನೆನಪಿನಿಂದ ಬರೆಯಲು ಕೂರಬೇಡಿ. ದಿನವೂ ಮಾಡುವ ಕೆಲಸ ನೆನಪಿರುತ್ತದೆ, ತಿಂಗಳಿಗೊಮ್ಮೆ ಮಾಡುವುದೂ ನೆನಪಾಗುತ್ತದೆ. ವರ್ಷಕ್ಕೊಮ್ಮೆ ಬರುವುದು ಮಾತ್ರ ತಪ್ಪಿಹೋಗುತ್ತದೆ, ಹೊಸಬರು ಸಿಕ್ಕಿಬೀಳುವುದೂ ಅಲ್ಲಿಯೇ.

ಮೂರು ಕಡೆ ಹುಡುಕಿ. ಮೊದಲನೆಯದು, ನೀವು ಕಳಿಸಿದ ಮೇಲ್‌ಗಳ ಪೆಟ್ಟಿಗೆ. ಹಿಂದಿನ ಹನ್ನೆರಡು ತಿಂಗಳಿನದನ್ನು ಒಂದೊಂದೇ ತಿಂಗಳಿನಂತೆ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ. ಎರಡನೆಯದು, ಒಂದು ವರ್ಷದ ಬ್ಯಾಂಕ್ ಖಾತೆಯ ವಿವರ. ವಿಮೆ ನವೀಕರಣ, ಬಿಬಿಎಂಪಿ ಕಾಲದಿಂದ ಬಂದ ಉದ್ದಿಮೆ ಪರವಾನಗಿಯ ಶುಲ್ಕ, ತೂಕದ ಯಂತ್ರಕ್ಕೆ ಮುದ್ರೆ ಹಾಕಿಸಿದ ಶುಲ್ಕ, ಬೆಂಕಿ ಆರಿಸುವ ಸಿಲಿಂಡರ್ ಮರುಭರ್ತಿ ಇವೆಲ್ಲ ಅಲ್ಲಿ ಒಂದೊಂದು ಸಾಲಾಗಿ ಕೂತಿರುತ್ತವೆ. ಮೂರನೆಯದು ನಿಮ್ಮ ಮೇಜಿನ ಡ್ರಾಯರ್. ಯಾರದೋ ಸಹಿಗೆಂದು ಇಟ್ಟ ಕಾಗದ, ಮರಳಿಸಬೇಕಾದ ಚೆಕ್, ಮೊಹರು, ಬೀಗದ ಕೈ ಅಲ್ಲಿ ಸಿಗುತ್ತವೆ.

ಸಿಕ್ಕಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಪ್ರತಿಯೊಂದರ ಪಕ್ಕ ಒಂದು ಗುರುತು ಹಾಕಿ. ಮತ್ತೆ ಮತ್ತೆ ಬರುವ ಕೆಲಸಕ್ಕೆ "ಮ", ಅರ್ಧಕ್ಕೆ ನಿಂತಿರುವುದಕ್ಕೆ "ಅ". ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಮತ್ತೆ ಬರುವ ಕೆಲಸಕ್ಕೆ ಬೇಕಾದದ್ದು ದಿನಾಂಕ. ಅರ್ಧಕ್ಕೆ ನಿಂತದ್ದಕ್ಕೆ ಬೇಕಾದದ್ದು ಅದರ ಕಥೆ.

2. ಯಾವಾಗ ಕಳಿಸಬೇಕು, ಯಾರಿಗೆ

ಕೊನೆಯ ದಿನದ ಸಂಜೆ ಕಳಿಸಿದ ಮೇಲ್ ಯಾರ ಉಪಯೋಗಕ್ಕೂ ಬರುವುದಿಲ್ಲ. ಅದನ್ನು ಓದಿ ಪ್ರಶ್ನೆ ಕೇಳುವ ಹೊತ್ತಿಗೆ ನಿಮ್ಮ ಇಮೇಲ್ ಖಾತೆಯನ್ನೇ ಮುಚ್ಚಿರುತ್ತಾರೆ. ನಮ್ಮ ಉದಾಹರಣೆಯಲ್ಲಿ ಪೂರ್ತಿ ಮೇಲ್ ಜೂನ್ 20ರ ಹೊತ್ತಿಗೆ ಹೋಗಬೇಕು. ಜೂನ್ 28ಕ್ಕೆ ಅದೇ ಸರಣಿಯಲ್ಲಿ ಒಂದು ಚಿಕ್ಕ ಮೇಲ್ ಕಳಿಸಿ, ನಡುವೆ ಏನು ಬದಲಾಯಿತು ಎಂಬುದನ್ನಷ್ಟೇ ತಿಳಿಸಿ.

ನಿಮ್ಮ ಜಾಗಕ್ಕೆ ಬರುವವರಿಗೂ ನಿಮ್ಮ ಮೇಲಧಿಕಾರಿಗೂ ನೇರವಾಗಿ ಕಳಿಸಿ, ಪಾಲುದಾರರಿಗೆ ಪ್ರತಿ ಹೋಗಲಿ. ಹೊಸಬರು ಇನ್ನೂ ಸೇರಿಲ್ಲದಿದ್ದರೆ ಮಧ್ಯಂತರದಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಮೇಲಧಿಕಾರಿಯಿಂದ ಹೆಸರು ಹೇಳಿಸಿಕೊಂಡು ಅದನ್ನು ಮೇಲ್‌ನಲ್ಲೇ ಬರೆಯಿರಿ. "ಸಂಬಂಧಪಟ್ಟವರು" ಎಂದು ಬರೆದ ಕೆಲಸವನ್ನು ಯಾರೂ ಮಾಡುವುದಿಲ್ಲ. ಭಾಷೆಯ ವಿಚಾರದಲ್ಲಿ ಹಟ ಬೇಡ. ಓದುವವರು ಯಾವುದರಲ್ಲಿ ಸಲೀಸಾಗಿ ಓದುತ್ತಾರೋ ಅದರಲ್ಲಿ ಬರೆಯಿರಿ, ಬಿಲ್ಲಿನ ಸಂಖ್ಯೆ ಮತ್ತು ಕಡತದ ಹೆಸರನ್ನು ಮಾತ್ರ ಕಂಪ್ಯೂಟರಿನಲ್ಲಿ ಇರುವ ಹಾಗೆಯೇ ಇಡಿ.

3. ದಿನಾಂಕ ಇರುವ ಕೆಲಸಗಳು

ಈ ಮೇಜಿಗೆ ಪ್ರತಿ ತಿಂಗಳು ಬರುವ ದಿನಾಂಕಗಳು ಹೆಚ್ಚೇನಿಲ್ಲ. ಹಿಂದಿನ ತಿಂಗಳು ಪಾವತಿಗಳಲ್ಲಿ ಮುರಿದುಕೊಂಡ ಆದಾಯ ತೆರಿಗೆಯನ್ನು, ಅಂದರೆ ಟಿಡಿಎಸ್ ಮೊತ್ತವನ್ನು 7ರೊಳಗೆ ಕಟ್ಟಬೇಕು. ಮಾರಾಟದ ಬಿಲ್ಲುಗಳ ವಿವರವಾದ ಜಿಎಸ್‌ಟಿಆರ್-1 ಸಲ್ಲಿಕೆಗೆ 11 ಕೊನೆ. ಭವಿಷ್ಯ ನಿಧಿ ಮತ್ತು ಇಎಸ್‌ಐ ಎರಡಕ್ಕೂ 15. ತೆರಿಗೆಯನ್ನು ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ ಮತ್ತು ಕರ್ನಾಟಕದ ವೃತ್ತಿ ತೆರಿಗೆ ಎರಡಕ್ಕೂ 20. ಜೂನ್‌ನಲ್ಲಿ ಬಿಡುವವರು ಇನ್ನೊಂದನ್ನು ಸೇರಿಸಬೇಕು: ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ವಿವರಪಟ್ಟಿಯನ್ನು ಜುಲೈ 31ರೊಳಗೆ ಸಲ್ಲಿಸಬೇಕು.

ಈ ದಿನಾಂಕಗಳು ಯಾವ ಲೆಕ್ಕಿಗರಿಗೂ ಗೊತ್ತು. ಹೊಸಬರಿಗೆ ಗೊತ್ತಿಲ್ಲದ್ದು ಕೆಲಸವನ್ನು ಶುರು ಮಾಡಬೇಕಾದ ದಿನ. ಭವಿಷ್ಯ ನಿಧಿಗೆ ಕೊನೆಯ ದಿನ 15 ಆದರೂ, ನಿಮ್ಮ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಮೇಲ್ವಿಚಾರಕರಿಂದ 2ಕ್ಕೆ ಬರುತ್ತದೆ, ಓವರ್‌ಟೈಮ್ ಚೀಟಿ 3ಕ್ಕೆ ಬರುತ್ತದೆ, ಸಂಬಳ 7ಕ್ಕೆ ಆಗಬೇಕು. ಹಾಜರಿ ಎರಡು ದಿನ ತಡವಾದರೆ ಮುಂದಿನದೆಲ್ಲ ಜಾರುತ್ತದೆ. ಆದ್ದರಿಂದ "15: ಪಿಎಫ್" ಎಂದು ಬರೆಯುವ ಬದಲು "2ರ ಬೆಳಿಗ್ಗೆ ಮೇಲ್ವಿಚಾರಕರಿಂದ ಹಾಜರಿ ಕೇಳಿ ಪಡೆಯಿರಿ, ತಾವಾಗಿ ಕಳಿಸುವುದಿಲ್ಲ" ಎಂದು ಬರೆಯಿರಿ. ಹೊಸಬರಿಗೆ ಬೇಕಾಗಿರುವುದು ಆ ಕೊನೆಯ ಎರಡು ಪದಗಳೇ.

ಪ್ರತಿ ತಿಂಗಳೂ ಒಂದೇ ರೀತಿ ನಡೆಯುವ ಕೆಲಸದಲ್ಲಿ ಒಂದು ತಿಂಗಳು ಮಾತ್ರ ಬೇರೆಯಾಗುವುದಿದ್ದರೆ ಅದನ್ನು ಎದ್ದು ಕಾಣುವಂತೆ ಬರೆಯಿರಿ. ವೃತ್ತಿ ತೆರಿಗೆ ಒಳ್ಳೆಯ ಉದಾಹರಣೆ. ತಿಂಗಳಿಗೆ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಪಡೆಯುವವರಿಂದ 200 ರೂಪಾಯಿ ಮುರಿಯುತ್ತೇವೆ, ಆದರೆ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಫೆಬ್ರವರಿಯಲ್ಲಿ ಮಾತ್ರ 300 ಮುರಿಯಬೇಕು. ಜೂನ್‌ನಲ್ಲಿ ಹೊರಡುವವರಿಗೆ ಫೆಬ್ರವರಿ ದೂರ ಎನಿಸುತ್ತದೆ. ಸಂಬಳದ ಹಾಳೆಯಲ್ಲಿ 200 ಎಂಬ ಅಂಕಿಯನ್ನು ಕೈಯಿಂದ ತುಂಬುತ್ತಿದ್ದೀರಿ ಎಂದಾದರೆ ಅದನ್ನು ಬರೆಯದೆ ಹೋಗಬೇಡಿ.

4. ಅರ್ಧಕ್ಕೆ ನಿಂತಿರುವುದು

ಇಡೀ ಮೇಲ್‌ನ ತೂಕ ಇರುವುದು ಈ ಭಾಗದಲ್ಲಿ. ಇಲ್ಲಿ ಆತುರ ಬೇಡ, ಒಂದೊಂದು ವಿಷಯಕ್ಕೂ ಐದು ಸಾಲು ಹಿಡಿದರೂ ಹಿಡಿಯಲಿ.

ಒಂದು ನೈಜ ಬಗೆಯ ವಿಷಯವನ್ನು ಬಿಡಿಸಿ ನೋಡೋಣ. ಕರಡಿನಲ್ಲಿ ಹೀಗಿದೆ:

> ಸರಳು ವ್ಯಾಪಾರಿಯ 18,000 ರೂ. ಬಾಕಿ. ಜಿಎಸ್‌ಟಿ ತೊಂದರೆ. ಫೋನ್ ಮಾಡಬೇಕು.

ಇದನ್ನು ಓದಿದ ಹೊಸಬರು ಜುಲೈ ಮೊದಲ ವಾರ ಆ ವ್ಯಾಪಾರಿಗೆ ಫೋನ್ ಮಾಡಿ "ನೀವು ತೆರಿಗೆ ಕಟ್ಟಿಲ್ಲ" ಎಂದು ಜಗಳ ತೆಗೆಯುತ್ತಾರೆ. ವ್ಯಾಪಾರಿಯ ಕಡೆಯಿಂದ ತಪ್ಪೇ ಆಗಿರಲಿಕ್ಕಿಲ್ಲ. ನಡೆದದ್ದು ಹೀಗೆ. ಮೇ 22ಕ್ಕೆ ಉಕ್ಕಿನ ಸರಳುಗಳು ಬಂದವು. ಸರಕಿನ ಬೆಲೆ 1,00,000 ರೂಪಾಯಿ, ಶೇ 18ರ ತೆರಿಗೆ 18,000, ಒಟ್ಟು ಬಿಲ್ 1,18,000. ಆ 18,000 ರೂಪಾಯಿಯನ್ನು ಕಾರ್ಖಾನೆ ತನ್ನ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಇದನ್ನೇ ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ಆದರೆ ಅದಕ್ಕೆ ಆ ಬಿಲ್ ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ಎಂಬ ಹಾಳೆಯಲ್ಲಿ ಕಾಣಿಸಬೇಕು. ಮಾರುವವರು ಸಲ್ಲಿಸಿದ ಬಿಲ್ಲುಗಳನ್ನು ಸೇರಿಸಿ ಪೋರ್ಟಲ್ ತಾನೇ ತಯಾರಿಸುವ ಪಟ್ಟಿ ಅದು. ಮೇ ತಿಂಗಳ ಪಟ್ಟಿ ಜೂನ್ 14ಕ್ಕೆ ಬಂದಾಗ ಈ ಬಿಲ್ ಅದರಲ್ಲಿರಲಿಲ್ಲ. ಹಾಗಾಗಿ ಲೆಕ್ಕಿಗರು 1,00,000 ಪಾವತಿಸಿ 18,000 ತಡೆದಿಟ್ಟರು.

ಬಿಲ್ ಯಾಕೆ ಕಾಣಲಿಲ್ಲ ಎನ್ನುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ವ್ಯಾಪಾರಿ ಜಿಎಸ್‌ಟಿಆರ್-1 ಸಲ್ಲಿಸಿಯೇ ಇಲ್ಲ. ಇನ್ನೊಂದು, ಅವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಪದ್ಧತಿಯಲ್ಲಿದ್ದಾರೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವವರಿಗೆ ಆ ಅವಕಾಶವಿದೆ. ಅಂಥವರು ನಡುವಿನ ತಿಂಗಳುಗಳ ಬಿಲ್ಲುಗಳನ್ನು ಮೊದಲೇ ಏರಿಸಬಹುದು, ಆದರೆ ಅದು ಕಡ್ಡಾಯವಲ್ಲ. ಏರಿಸದಿದ್ದರೆ ಏಪ್ರಿಲ್, ಮೇ, ಜೂನ್ ಮೂರೂ ತಿಂಗಳ ಬಿಲ್ಲುಗಳು ಜುಲೈ 13ರ ಗಡುವಿಗೆ ಒಟ್ಟಿಗೆ ಸಲ್ಲಿಕೆಯಾಗಿ ಜುಲೈ 14ರ ಪಟ್ಟಿಯಲ್ಲಿ ಬರುತ್ತವೆ. ನಮ್ಮ ವ್ಯಾಪಾರಿ ಎರಡನೆಯ ಬಗೆಯವರು. ಹಳೆಯ ಲೆಕ್ಕಿಗರಿಗೆ ಇದು ಗೊತ್ತು, ಪ್ರತಿ ಸಲ ಹೀಗೆಯೇ ಆಗುತ್ತದೆ ಎಂಬುದೂ ಗೊತ್ತು. "ಜಿಎಸ್‌ಟಿ ತೊಂದರೆ" ಎಂಬ ಎರಡು ಪದಗಳಲ್ಲಿ ಅದೆಲ್ಲ ಮುಚ್ಚಿಹೋಯಿತು.

ಈಗ ಅದೇ ವಿಷಯವನ್ನು ಹೀಗೆ ಬರೆದು ನೋಡಿ:

> ಸರಳು ವ್ಯಾಪಾರಿ, ಮೇ 22ರ ಬಿಲ್, ಒಟ್ಟು 1,18,000 ರೂ. ಇದರಲ್ಲಿ 1,00,000 ರೂ. ಜೂನ್ 18ಕ್ಕೆ ಪಾವತಿಯಾಗಿದೆ. ತೆರಿಗೆಯ 18,000 ರೂ. ತಡೆದಿಟ್ಟಿದ್ದೇನೆ, ಕಾರಣ ಬಿಲ್ ಮೇ ತಿಂಗಳ 2ಬಿಯಲ್ಲಿ ಇಲ್ಲ. ಅವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು, ತಡೆದಿರುವುದು ಅವರಿಗೂ ಗೊತ್ತಿದೆ, ಒಪ್ಪಿದ್ದಾರೆ. ಜುಲೈ 14ಕ್ಕೆ ಜೂನ್ ತಿಂಗಳ 2ಬಿ ತೆರೆದು ನೋಡಿ. ಬಿಲ್ ಇದ್ದರೆ ಜುಲೈ 20ರ 3ಬಿಯಲ್ಲಿ ಜಮೆ ಪಡೆದು ಅದೇ ವಾರ 18,000 ರೂ. ಬಿಡುಗಡೆ ಮಾಡಿ. ಇಲ್ಲದಿದ್ದರೆ ಅವರ ಅಂಗಡಿಯ ಲೆಕ್ಕಿಗರಿಗೆ ಫೋನ್ ಮಾಡಿ, ಹಣ ಬಿಡಬೇಡಿ. ಅದಕ್ಕೂ ಮೊದಲು ಫೋನ್ ಮಾಡುವ ಅಗತ್ಯವಿಲ್ಲ. ಬಿಲ್ ಪ್ರತಿ: ಖರೀದಿ ಕಡತ, ಮೇ, 14ನೇ ಹಾಳೆ.

ಎರಡನೆಯದನ್ನು ಓದಿದವರು ನಿಮಗೆ ಫೋನ್ ಮಾಡದೆ ಕೆಲಸ ಮುಗಿಸಬಹುದು. ನೀವು ಬರೆದ ಪ್ರತಿ ಬಾಕಿಯನ್ನೂ ಇದೇ ಅಳತೆಗೋಲಿನಿಂದ ಅಳೆಯಿರಿ: ಎಲ್ಲಿಯವರೆಗೆ ಆಗಿದೆ, ಯಾಕೆ ನಿಂತಿದೆ, ಮುಂದಿನ ಹೆಜ್ಜೆ ಯಾರದು ಮತ್ತು ಯಾವ ದಿನ, ಅಂದುಕೊಂಡಂತೆ ಆಗದಿದ್ದರೆ ಏನು, ಕಾಗದ ಎಲ್ಲಿದೆ. ನಾಲ್ಕನೆಯದನ್ನು ಬಹಳ ಜನ ಬಿಡುತ್ತಾರೆ. "ಇಲ್ಲದಿದ್ದರೆ" ಎಂದು ಶುರುವಾಗುವ ಒಂದು ವಾಕ್ಯ ಪ್ರತಿ ಬಾಕಿಯಲ್ಲೂ ಇದೆಯೇ ಎಂದು ಹುಡುಕಿ ನೋಡಿ.

ಗ್ರಾಹಕರಿಂದ ಬರಬೇಕಾದ ಹಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹೊಸೂರಿನ ಒಬ್ಬ ಗ್ರಾಹಕರಿಗೆ 500 ಬುಷ್ ಕಳಿಸಿದ್ದೇವೆ, ಅವರ ಉಗ್ರಾಣದವರು 480 ಬಂದಿದೆ ಎಂದು ರಸೀದಿ ಮಾಡಿ 20 ಬುಷ್‌ಗಳ ಹಣ ಹಿಡಿದಿದ್ದಾರೆ ಎಂದುಕೊಳ್ಳಿ. ಬುಷ್ ಒಂದಕ್ಕೆ 450 ರೂಪಾಯಿಯಂತೆ 9,000, ತೆರಿಗೆ 1,620, ಒಟ್ಟು 10,620. ಅವರ ಗೇಟಿನಲ್ಲಿ 500 ಎಂದು ಮೊಹರು ಹಾಕಿದ ಚಲನ್ ನಿಮ್ಮ ಬಳಿ ಇದೆ. ಇಲ್ಲಿ "ಗ್ರಾಹಕರು ಮೋಸ ಮಾಡುತ್ತಿದ್ದಾರೆ" ಎಂದು ಬರೆಯಬೇಡಿ. ಈ ಮೇಲ್ ವರ್ಷಗಟ್ಟಲೆ ಉಳಿಯುತ್ತದೆ, ಯಾರು ಯಾರಿಗೆ ಕಳಿಸುತ್ತಾರೋ ಹೇಳಲಾಗದು. ನಡೆದದ್ದನ್ನಷ್ಟೇ ಬರೆಯಿರಿ: "ಚಲನ್ ಪ್ರತಿಯನ್ನು ಜೂನ್ 12ಕ್ಕೂ 17ಕ್ಕೂ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಅವರು ತಿಂಗಳ 10 ಮತ್ತು 25ಕ್ಕೆ ಪಾವತಿ ಮಾಡುತ್ತಾರೆ, ಜುಲೈ 5ರೊಳಗೆ ಉಗ್ರಾಣದವರು ರಸೀದಿ ತಿದ್ದಿದರೆ 10ರ ಪಾವತಿಯಲ್ಲಿ ಸೇರುತ್ತದೆ. 20 ಕಡಿಮೆ ಬಂದದ್ದು ನಿಜವೆಂದು ತೀರ್ಮಾನವಾದರೆ ನಾವು ಕ್ರೆಡಿಟ್ ನೋಟ್ ಕೊಡಬೇಕು. ಆ ತೀರ್ಮಾನ ಪಾಲುದಾರರದು." ಕೊನೆಯ ವಾಕ್ಯವನ್ನು ಗಮನಿಸಿ. ಹೊಸಬರಿಗೆ ತಾವೇ ನಿರ್ಧರಿಸಬಹುದಾದದ್ದು ಯಾವುದು, ಕೇಳಿ ಮಾಡಬೇಕಾದದ್ದು ಯಾವುದು ಎಂದು ತಿಳಿಸುವುದು ನಿಮ್ಮ ಕೆಲಸ. ಮೊದಲ ತಿಂಗಳಿನಲ್ಲಿ ಅವರಿಗೆ ಅದೇ ದೊಡ್ಡ ಸಂಕಟ.

ಬಾಯಿಮಾತಿನಲ್ಲಿ ನೀವು ಕೊಟ್ಟ ಭರವಸೆಗಳೂ ಬಾಕಿಗಳೇ. ನಮ್ಮ ಭಾಗಗಳಿಗೆ ಲೇಪನ ಮಾಡಿಕೊಡುವವರಿಗೆ "ಈ ಸಲ ಹತ್ತು ದಿನದಲ್ಲಿ ಹಣ ಕೊಡಿಸುತ್ತೇನೆ" ಎಂದಿದ್ದರೆ, ಲೇತ್ ಹುಡುಗನಿಗೆ "ಮುಂಗಡವನ್ನು ಮೂರು ಕಂತಿನಲ್ಲಿ ಮುರಿಯುತ್ತೇನೆ" ಎಂದು ಒಪ್ಪಿದ್ದರೆ, ಅದನ್ನು ಬರೆಯಿರಿ. ಬರೆಯಲು ಸಂಕೋಚವಾದರೆ ಹೊರಡುವ ಮೊದಲು ಮೇಲಧಿಕಾರಿಗೆ ಹೇಳಿ ಒಪ್ಪಿಗೆ ಪಡೆಯಿರಿ. ಆ ಹುಡುಗ ಜುಲೈ ಸಂಬಳ ನೋಡಿಕೊಂಡಾಗ ಪೂರ್ತಿ ಮುಂಗಡ ಒಂದೇ ಸಲ ಮುರಿದುಹೋಗಿರಬಾರದು.

5. ಸಂಪರ್ಕಗಳು

ಹೆಸರು ಮತ್ತು ನಂಬರ್ ಕೊಟ್ಟರೆ ಸಾಲದು. ಯಾವ ವಿಷಯಕ್ಕೆ, ಯಾವ ಹೊತ್ತಿಗೆ, ಸಿಗದಿದ್ದರೆ ಯಾರು ಎಂಬ ಮೂರನ್ನೂ ಸೇರಿಸಿ. "ಬ್ಯಾಂಕ್ ಶಾಖೆ, ಆಮದು ಪಾವತಿಗೆ ಮಾತ್ರ, ಮಧ್ಯಾಹ್ನ ಎರಡರ ಮೇಲೆ ಸಿಗುತ್ತಾರೆ" ಎಂಬ ಒಂದು ಸಾಲು ಹತ್ತು ನಂಬರ್‌ಗಳಿಗೆ ಸಮ.

ಕಚೇರಿಯ ದೂರವಾಣಿ ಮತ್ತು ಕಚೇರಿಯ ಇಮೇಲ್ ವಿಳಾಸವನ್ನೇ ಕೊಡಿ. ಯಾರಾದರೂ ನಿಮಗೆ ಸ್ನೇಹದಿಂದ ಕೊಟ್ಟ ಸ್ವಂತ ನಂಬರ್ ಆಗಿದ್ದರೆ ಅವರನ್ನು ಕೇಳಿಯೇ ಬರೆಯಿರಿ. ಮುಖ್ಯವಾದ ನಾಲ್ಕೈದು ಜನರಿಗೆ ಜೂನ್ ಕೊನೆಯೊಳಗೆ ನೀವೇ ಫೋನ್ ಮಾಡಿ ಹೊಸಬರ ಪರಿಚಯ ಮಾಡಿಸಿ. ನಿಮ್ಮ ಲೆಕ್ಕ ಪರಿಶೋಧಕರು, ಸರಳು ವ್ಯಾಪಾರಿ, ಹೊಸೂರಿನ ಗ್ರಾಹಕರ ಲೆಕ್ಕ ವಿಭಾಗ ಇಷ್ಟು ಸಾಕು. ಉಳಿದವರಿಗೆ ಮೇಲ್‌ನಲ್ಲಿರುವ ಹೆಸರೇ ಪರಿಚಯ.

6. ಒಟಿಪಿ, ಪಾಸ್‌ವರ್ಡ್, ಡಿಜಿಟಲ್ ಸಹಿ

ಪಾಸ್‌ವರ್ಡ್‌ಗಳನ್ನು ಮೇಲ್‌ನಲ್ಲಿ ಎಂದಿಗೂ ಬರೆಯಬೇಡಿ. ಯಾವ ಯಾವ ಪೋರ್ಟಲ್‌ಗಳಿವೆ, ಅವಕ್ಕೆ ಯಾರು ಹೊಣೆ ಎಂದಷ್ಟೇ ಬರೆದು, ಪಾಸ್‌ವರ್ಡ್‌ಗಳನ್ನು ಪಾಲುದಾರರ ಎದುರು ಕೂತು ಬದಲಿಸಿ. ಡಿಜಿಟಲ್ ಸಹಿಯ ಪೆನ್‌ಡ್ರೈವ್ ಯಾರ ಹೆಸರಿನಲ್ಲಿದೆಯೋ ಅವರ ಕೈಗೇ ಕೊಟ್ಟು, ಕೊಟ್ಟ ದಿನಾಂಕವನ್ನು ಮೇಲ್‌ನಲ್ಲಿ ಬರೆಯಿರಿ.

ಇದಕ್ಕಿಂತ ಹೆಚ್ಚು ಕಾಡುವುದು ಮೊಬೈಲ್ ನಂಬರ್. ಸಣ್ಣ ಸಂಸ್ಥೆಗಳಲ್ಲಿ ಮಾಲೀಕರು "ನನ್ನ ಫೋನ್‌ಗೆ ಬೇಡ, ನಿಮ್ಮದನ್ನೇ ಕೊಡಿ" ಎನ್ನುತ್ತಾರೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಲೆಕ್ಕಿಗರ ನಂಬರ್ ನೋಂದಣಿಯಾಗುತ್ತದೆ. ನಾನು ಇಂಥ ಒಂದು ಮೇಜಿಗೆ ಹೊಸದಾಗಿ ಕೂತ ತಿಂಗಳು, 20ರ ಸಂಜೆ 3ಬಿ ಸಲ್ಲಿಸಲು ಹೋದಾಗ ಒಟಿಪಿ ಹೋದದ್ದು ಕೆಲಸ ಬಿಟ್ಟು ಊರಿಗೆ ಹೋಗಿದ್ದವರ ಮೊಬೈಲಿಗೆ. ಅಲ್ಲಿ ಸಿಗ್ನಲ್ ಇರಲಿಲ್ಲ. ಮರುದಿನ ಅವರು ಪೇಟೆಗೆ ಬಂದು ಒಟಿಪಿ ಹೇಳುವವರೆಗೆ ಕಾದೆವು, ದಿನಕ್ಕೆ 50 ರೂಪಾಯಿಯ ವಿಳಂಬ ಶುಲ್ಕ ಮತ್ತು ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಒಂದು ದಿನದ ಬಡ್ಡಿ ಕಟ್ಟಿದೆವು. ಮೊತ್ತ ಸಣ್ಣದು. ಅವರು ಫೋನ್ ನಂಬರನ್ನೇ ಬದಲಿಸಿಬಿಟ್ಟಿದ್ದರೆ ದಾಖಲೆಗಳನ್ನು ಹಿಡಿದು ನಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಬಳಿ ಹೋಗಬೇಕಾಗುತ್ತಿತ್ತು.

ನೀವು ಕಚೇರಿಯಲ್ಲಿ ಇರುವಾಗಲೇ ಇದನ್ನು ಬದಲಿಸಿ. ಪೋರ್ಟಲ್‌ಗೆ ಲಾಗಿನ್ ಆದ ಮೇಲೆ ಈ ದಾರಿಯಲ್ಲಿ ಹೋಗಬೇಕು:

```
Services > Registration > Amendment of Registration Non-Core Fields
```

ಅಲ್ಲಿ ಅಧಿಕೃತ ಸಹಿದಾರರ ಮೊಬೈಲ್ ಮತ್ತು ಇಮೇಲ್ ತಿದ್ದಬಹುದು. ಹೊಸ ನಂಬರ್‌ಗೂ ಹೊಸ ಇಮೇಲ್‌ಗೂ ಒಟಿಪಿ ಬರುತ್ತದೆ, ಆದ್ದರಿಂದ ಎರಡರ ಒಡೆಯರೂ ಪಕ್ಕದಲ್ಲಿರಬೇಕು. ತಿದ್ದಿದ ಮೇಲೆ ಹೊರಬಂದು ಮತ್ತೊಮ್ಮೆ ಒಟಿಪಿ ತರಿಸಿ ನೋಡಿ. ಹೊಸ ಫೋನ್ ಗುಂಯ್‌ಗುಟ್ಟಿದರೆ ಮಾತ್ರ ಆ ಕೆಲಸ ಮುಗಿದಂತೆ. ಭವಿಷ್ಯ ನಿಧಿ, ಇಎಸ್‌ಐ, ಆದಾಯ ತೆರಿಗೆ ಪೋರ್ಟಲ್, ಬ್ಯಾಂಕ್, ಬೆಸ್ಕಾಂ ಬಿಲ್ಲಿನ ಸಂದೇಶ ಇವುಗಳಲ್ಲೂ ಯಾರ ನಂಬರ್ ಇದೆ ಎಂದು ಒಂದೊಂದಾಗಿ ತೆರೆದು ನೋಡಿ.

7. ಮೇಲ್ ಹೀಗಿರಲಿ

ಮೇಲಿನದೆಲ್ಲ ಸಿದ್ಧವಾದ ಮೇಲೆ ಮೇಲ್ ಬರೆಯುವುದು ಅರ್ಧ ಗಂಟೆಯ ಕೆಲಸ. ಉದ್ದವಾದರೆ ದಿನಾಂಕಗಳ ಪಟ್ಟಿಯನ್ನು ಬೇರೆ ಕಡತವಾಗಿ ಲಗತ್ತಿಸಿ, ಆದರೆ ಮುಂದಿನ ಹದಿನೈದು ದಿನಗಳಲ್ಲಿ ಆಗಬೇಕಾದದ್ದು ಮೇಲ್‌ನ ಒಡಲಿನಲ್ಲೇ, ಮೊದಲಿಗೇ ಇರಲಿ. ಮೊದಲ ಪುಟದಲ್ಲಿ ಕೃತಜ್ಞತೆಯ ಮಾತು ತುಂಬಬೇಡಿ. ಅದಕ್ಕೆ ಬೇರೆ ಮೇಲ್ ಬರೆಯಿರಿ, ಮನಸಾರೆ ಬರೆಯಿರಿ.

> ವಿಷಯ: ಲೆಕ್ಕಪತ್ರ ವಿಭಾಗದ ಹಸ್ತಾಂತರ, ಜೂನ್ 28 ಕೊನೆಯ ದಿನ
>
> ಮೇಡಂ, ಸರ್, ನಮಸ್ಕಾರ.
>
> ಜೂನ್ 28ರವರೆಗೆ ನಾನು ಕಚೇರಿಯಲ್ಲಿರುತ್ತೇನೆ. ಜುಲೈ 1ರಿಂದ ಈ ಕೆಲಸಗಳನ್ನು ಹೊಸ ಲೆಕ್ಕಿಗರು ನೋಡಿಕೊಳ್ಳುತ್ತಾರೆ. ಅವರು ಬರುವವರೆಗೆ ಪಾವತಿಗಳ ಹೊಣೆ ಕಾರ್ಖಾನೆ ವ್ಯವಸ್ಥಾಪಕರದು.
>
> ಮೊದಲ ಹದಿನೈದು ದಿನ:
> ಜುಲೈ 2: ಮೇಲ್ವಿಚಾರಕರಿಂದ ಹಾಜರಿ ಕೇಳಿ ಪಡೆಯುವುದು.
> ಜುಲೈ 5: ಹೊಸೂರು ಗ್ರಾಹಕರ ಉಗ್ರಾಣಕ್ಕೆ ಫೋನ್ (ಬಾಕಿ 2 ನೋಡಿ).
> ಜುಲೈ 7: ಸಂಬಳ, ಜೂನ್ ತಿಂಗಳ ಟಿಡಿಎಸ್ ಪಾವತಿ.
> ಜುಲೈ 11: ಜಿಎಸ್‌ಟಿಆರ್-1. ಬಿಲ್ ಪಟ್ಟಿಯನ್ನು 9ಕ್ಕೆ ಲೆಕ್ಕ ಪರಿಶೋಧಕರಿಗೆ ಕಳಿಸಬೇಕು, ಅವರು ನೋಡಲು ಒಂದು ದಿನ ತೆಗೆದುಕೊಳ್ಳುತ್ತಾರೆ.
> ಜುಲೈ 14: 2ಬಿಯಲ್ಲಿ ಸರಳು ಬಿಲ್ ನೋಡುವುದು (ಬಾಕಿ 1).
> ಜುಲೈ 15: ಭವಿಷ್ಯ ನಿಧಿ, ಇಎಸ್‌ಐ.
> ಮುಂದಿನ ದಿನಾಂಕಗಳು ಮತ್ತು ವರ್ಷಕ್ಕೊಮ್ಮೆ ಬರುವ ಕೆಲಸಗಳು ಲಗತ್ತಿಸಿದ ಹಾಳೆಯಲ್ಲಿವೆ.
>
> ಬಾಕಿ 1: ಸರಳು ವ್ಯಾಪಾರಿ, 18,000 ರೂ. ...
> ಬಾಕಿ 2: ಹೊಸೂರು ಗ್ರಾಹಕರು, 10,620 ರೂ. ...
> ಬಾಕಿ 3: ಲೇಪನಕ್ಕೆ ಹೋದ 300 ಭಾಗಗಳಲ್ಲಿ 280 ಮರಳಿವೆ, 20 ಅವರ ಬಳಿ ಇವೆ. ...
>
> ಸಂಪರ್ಕಗಳು: ...
>
> ಜಿಎಸ್‌ಟಿ ಪೋರ್ಟಲ್‌ನ ಮೊಬೈಲ್ ನಂಬರ್ ಜೂನ್ 19ಕ್ಕೆ ಬದಲಾಗಿದೆ, ಒಟಿಪಿ ಬಂದದ್ದನ್ನು ಪರೀಕ್ಷಿಸಿದ್ದೇವೆ. ಡಿಜಿಟಲ್ ಸಹಿಯನ್ನು ಅದೇ ದಿನ ಪಾಲುದಾರರಿಗೆ ಕೊಟ್ಟಿದ್ದೇನೆ. ಬೀರುವಿನ ಎರಡು ಕೀಲಿ, ಮೊಹರು, ಚೆಕ್ ಪುಸ್ತಕಗಳನ್ನು 28ಕ್ಕೆ ಒಪ್ಪಿಸುತ್ತೇನೆ.
>
> ಇದರಲ್ಲಿ ಬಿಟ್ಟುಹೋದದ್ದು, ತಿಳಿಯದ್ದು ಇದ್ದರೆ ಜೂನ್ 25ರೊಳಗೆ ತಿಳಿಸಿ, ತಿದ್ದಿ ಕಳಿಸುತ್ತೇನೆ.
>
> ವಂದನೆಗಳು.

ಬಾಕಿಗಳ ಮುಂದಿನ ಚುಕ್ಕಿಗಳ ಜಾಗದಲ್ಲಿ ನಾಲ್ಕನೇ ಹಂತದಲ್ಲಿ ತೋರಿಸಿದಷ್ಟು ವಿವರ ಬರಬೇಕು. ಮೂರನೆಯ ಬಾಕಿಯಲ್ಲಿ ಚಲನ್ ಸಂಖ್ಯೆ ಮತ್ತು ಸರಕು ಹೊರಟ ದಿನಾಂಕವನ್ನು ಮರೆಯಬೇಡಿ. ಹೊರಗಿನವರಿಂದ ಕೆಲಸ ಮಾಡಿಸಲು ಕಳಿಸಿದ ಸರಕು ಒಂದು ವರ್ಷದೊಳಗೆ ಮರಳದಿದ್ದರೆ ಜಿಎಸ್‌ಟಿ ಕಾನೂನು ಅದನ್ನು ಕಳಿಸಿದ ದಿನವೇ ಮಾರಿದಂತೆ ಪರಿಗಣಿಸುತ್ತದೆ.

8. ಕಳಿಸಿದ ಮೇಲೆ

ಮೇಲ್ ಓದಿ "ಸರಿ" ಎಂದು ಉತ್ತರಿಸಿದ ಮಾತ್ರಕ್ಕೆ ನಂಬಬೇಡಿ. ಹೊಸಬರು ನಿಮ್ಮ ಕುರ್ಚಿಯಲ್ಲಿ ಕೂರಲಿ, ನೀವು ಪಕ್ಕದಲ್ಲಿ ಕೈ ಕಟ್ಟಿ ಕುಳಿತುಕೊಳ್ಳಿ. ಬಾಕಿ 1ನ್ನು ಓದಿ, ಕಡತದಿಂದ ಬಿಲ್ ತೆಗೆದು, ಪೋರ್ಟಲ್‌ನಲ್ಲಿ ಮೇ ತಿಂಗಳ 2ಬಿ ತೆರೆದು ಆ ಬಿಲ್ ಇಲ್ಲದಿರುವುದನ್ನು ಅವರೇ ಕಂಡುಕೊಳ್ಳಲಿ. ಎಲ್ಲಿ ತಡವರಿಸಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಮೇಲ್‌ನಲ್ಲಿ ಒಂದು ವಾಕ್ಯ ಕಡಿಮೆಯಾಗಿದೆ ಎಂದರ್ಥ. ಅದನ್ನು ಬಾಯಲ್ಲಿ ಹೇಳಿ ಮುಗಿಸದೆ ಮೇಲ್‌ಗೇ ಸೇರಿಸಿ.

ಕಚೇರಿಯ ಕಡತಗಳನ್ನು "ಆಮೇಲೆ ಯಾರಾದರೂ ಕೇಳಿದರೆ ಬೇಕಾದೀತು" ಎಂದು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. ಉದ್ದೇಶ ಒಳ್ಳೆಯದಿದ್ದರೂ ಸಂಸ್ಥೆಯ ದಾಖಲೆ ಹೊರಗೆ ಹೋದಂತೆಯೇ. ಬಿಟ್ಟ ಮೇಲೆ ಎಷ್ಟು ದಿನ ಫೋನ್‌ನಲ್ಲಿ ಸಿಗುತ್ತೀರಿ ಎಂಬುದನ್ನು ನೀವೇ ತೀರ್ಮಾನಿಸಿ ಹೇಳಿ. ಜುಲೈ 20ರ 3ಬಿ ಮುಗಿಯುವವರೆಗೆ, ಸಂಜೆ ಏಳರ ಮೇಲೆ ಎಂದರೆ ಇಬ್ಬರಿಗೂ ಅನುಕೂಲ.

ಕೊನೆಯದಾಗಿ ಒಂದು ಕೆಲಸ, ಭವಿಷ್ಯ ನಿಧಿಯನ್ನು ನೋಡಿಕೊಳ್ಳುತ್ತಿದ್ದವರು ತಮ್ಮ ಪಟ್ಟಿಯಲ್ಲಿ ಬರೆಯಲು ಮರೆಯುವಂಥದ್ದು. ಕೆಲಸ ಬಿಟ್ಟವರ ನಿರ್ಗಮನದ ದಿನಾಂಕವನ್ನು ಪೋರ್ಟಲ್‌ನಲ್ಲಿ ನಮೂದಿಸುತ್ತಿದ್ದವರು ನೀವೇ. ಈಗ ಬಿಡುತ್ತಿರುವವರೂ ನೀವೇ ಆದ್ದರಿಂದ ಅದನ್ನು ಮಾಡಲು ಯಾರೂ ಇರುವುದಿಲ್ಲ. ಜೂನ್ ತಿಂಗಳ ವಂತಿಗೆ ಜುಲೈ 15ರೊಳಗೆ ಕಟ್ಟಿದ ಮೇಲೆ ನಿಮ್ಮ ಹೆಸರಿನ ಮುಂದೆ ಜೂನ್ 28 ಎಂದು ನಮೂದಿಸುವಂತೆ ದಿನಾಂಕಗಳ ಹಾಳೆಯಲ್ಲಿ ಒಂದು ಸಾಲು ಸೇರಿಸಿ. ಹೊಸಬರು ಮಾಡದಿದ್ದರೆ ನೀವೇ ನಮೂದಿಸಿಕೊಳ್ಳಬಹುದು, ಆದರೆ ಅದಕ್ಕೆ ಕೊನೆಯ ವಂತಿಗೆಯ ತಿಂಗಳು ಕಳೆದು ಎರಡು ತಿಂಗಳು ಕಾಯಬೇಕು.